ಫಾಲ್ಸ್ ಎಲ್ಲಿ ಮುಗಿದು ನಾಟ್ ಗಿವನ್ ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ: ಮೇಡಂ, ಐಇಎಲ್‌ಟಿಎಸ್ ಅಕಾಡೆಮಿಕ್‌ಗೆ ತಯಾರಿ ಮಾಡ್ತಿದ್ದೀನಿ. ರೀಡಿಂಗ್‌ನಲ್ಲಿ ಬೇರೆ ಪ್ರಶ್ನೆಗಳು ಪರವಾಗಿಲ್ಲ, ಟ್ರೂ-ಫಾಲ್ಸ್-ನಾಟ್ ಗಿವನ್ ಬಂದರೆ ಅರ್ಧಕ್ಕರ್ಧ ತಪ್ಪು. ಟ್ರೂ ಹೇಗೋ ಸಿಗುತ್ತೆ. ಫಾಲ್ಸಾ, ನಾಟ್ ಗಿವನ್ನಾ ಅನ್ನೋದೇ ಗೊತ್ತಾಗಲ್ಲ. ಉತ್ತರ ನೋಡಿದ ಮೇಲೂ ಕೆಲವು ಸಲ ಒಪ್ಪೋಕೆ ಮನಸ್ಸು ಬರಲ್ಲ. ನಾಟ್ ಗಿವನ್ ಅಂತ ಖಚಿತ ಮಾಡ್ಕೊಳ್ಳೋಕೆ ಇಡೀ ಪ್ಯಾಸೇಜ್ ಮತ್ತೆ ಓದ್ತೀನಿ, ಅಷ್ಟರಲ್ಲಿ ಟೈಮ್ ಹೋಗಿರುತ್ತೆ. ಏನು ಮಾಡಲಿ?

ಉತ್ತರ: ಟ್ರೂ ಸರಿಯಾಗಿ ಹಿಡಿಯುತ್ತೀರಿ ಎಂದರೆ ಪ್ಯಾಸೇಜ್ ನಿಮಗೆ ಅರ್ಥವಾಗುತ್ತಿದೆ ಎಂದೇ ಲೆಕ್ಕ. ಹಾಗಾಗಿ ಇನ್ನೂ ಸಾವಿರ ಪದ ಬಾಯಿಪಾಠ ಮಾಡಿದರೂ ಈ ತೊಂದರೆ ಹೋಗುವುದಿಲ್ಲ. ತೊಂದರೆ ಇರುವುದು ಫಾಲ್ಸ್ ಎಂಬ ಉತ್ತರವನ್ನು ನೀವು ತುಂಬ ಸಲೀಸಾಗಿ ಕೊಡುತ್ತಿರುವುದರಲ್ಲಿ.

ದಿನನಿತ್ಯದ ಮಾತಿನಲ್ಲಿ ನಾವು ಆಧಾರ ಇಲ್ಲದ ಮಾತನ್ನೂ ಸುಳ್ಳು ಎಂದುಬಿಡುತ್ತೇವೆ. "ಹಾಗಂತ ಯಾರು ಹೇಳಿದರು? ಸುಳ್ಳು" ಅಂತೀವಿ, ಅಲ್ವಾ? ಪರೀಕ್ಷೆಯಲ್ಲಿ ಇದು ನಡೆಯುವುದಿಲ್ಲ. ಪ್ರಶ್ನೆಗಳ ಮೇಲೆ ಇರುವ ಸೂಚನೆಯನ್ನು ಎಲ್ಲರೂ ಹಾರಿಸಿಕೊಂಡು ಹೋಗುತ್ತಾರೆ, ಆದರೆ ನಿಯಮ ಇರುವುದು ಅಲ್ಲೇ. ಹೇಳಿಕೆ ಪ್ಯಾಸೇಜ್‌ನ ಮಾಹಿತಿಗೆ ಹೊಂದಿದರೆ ಟ್ರೂ. ಪ್ಯಾಸೇಜ್‌ನ ಮಾಹಿತಿಗೆ ವಿರುದ್ಧವಾಗಿದ್ದರೆ ಫಾಲ್ಸ್. ಅದರ ಬಗ್ಗೆ ಮಾಹಿತಿಯೇ ಇಲ್ಲದಿದ್ದರೆ ನಾಟ್ ಗಿವನ್. ಎರಡನೆಯದನ್ನು ಇನ್ನೊಮ್ಮೆ ಓದಿ. "ಹೊಂದದಿದ್ದರೆ" ಎಂದಿಲ್ಲ, "ವಿರುದ್ಧವಾಗಿದ್ದರೆ" ಎಂದಿದೆ. ಅಂದರೆ ಪ್ಯಾಸೇಜ್ ಆ ಹೇಳಿಕೆಗೆ ಎದುರುತ್ತರ ಕೊಡುತ್ತಿರಬೇಕು. ಸುಮ್ಮನಿದ್ದರೆ ಅದು ಫಾಲ್ಸ್ ಅಲ್ಲ.

ಇದನ್ನು ಪರೀಕ್ಷಿಸಲು ನಾನು ಕಲಿಸುವುದು ಒಂದೇ ಪ್ರಶ್ನೆ. ಪ್ಯಾಸೇಜ್‌ನ ಮಾತು, ಪರೀಕ್ಷೆಯ ಹೇಳಿಕೆ, ಎರಡೂ ಒಟ್ಟಿಗೆ ನಿಜ ಆಗಿರಲು ಸಾಧ್ಯವಾ? ಸಾಧ್ಯವೇ ಇಲ್ಲ, ಒಂದು ನಿಜವಾದರೆ ಇನ್ನೊಂದು ಬೀಳಲೇಬೇಕು ಎಂದರೆ ಫಾಲ್ಸ್. ಸಾಧ್ಯವಿದೆ, ಅಷ್ಟೇ ಅಲ್ಲ, ಪ್ಯಾಸೇಜ್ ಒಪ್ಪಿಕೊಂಡರೆ ಹೇಳಿಕೆಯನ್ನೂ ಒಪ್ಪಿಕೊಳ್ಳಲೇಬೇಕು ಎಂದರೆ ಟ್ರೂ. ಸಾಧ್ಯವೇನೋ ಇದೆ, ಆದರೆ ಹೇಳಿಕೆ ಸುಳ್ಳಾಗಿದ್ದರೂ ಪ್ಯಾಸೇಜ್‌ಗೆ ಏನೂ ಧಕ್ಕೆ ಇಲ್ಲ ಎಂದರೆ ನಾಟ್ ಗಿವನ್. ಕೇಳಲು ತರ್ಕಶಾಸ್ತ್ರದ ಪಾಠದ ಹಾಗಿದೆ. ಬಳಸಿ ನೋಡಿದರೆ ಸುಲಭ.

ಒಂದು ಪ್ಯಾಸೇಜ್ ತೆಗೆದುಕೊಳ್ಳೋಣ. ನಿಜವಾದ ಪರೀಕ್ಷೆಯಲ್ಲಿ ಇದು ಇಂಗ್ಲಿಷ್‌ನಲ್ಲಿ, ಇದಕ್ಕಿಂತ ಬಹಳ ಉದ್ದ ಇರುತ್ತದೆ. ಇಲ್ಲಿ ನೋಡಬೇಕಾದ್ದು ಅರ್ಥದ ಲೆಕ್ಕಾಚಾರ ಆದ್ದರಿಂದ ನಾನೇ ಕನ್ನಡದಲ್ಲಿ ಚಿಕ್ಕದಾಗಿ ಬರೆದಿದ್ದೇನೆ. ವಿಷಯ ಡಬ್ಬಿಯಲ್ಲಿಟ್ಟ ಆಹಾರದ ಚರಿತ್ರೆ.

"ಫ್ರಾನ್ಸಿನ ಮಿಠಾಯಿ ತಯಾರಕ ನಿಕೋಲಾ ಅಪೆರ್ ಹಲವು ವರ್ಷ ಪ್ರಯೋಗ ಮಾಡಿ ಆಹಾರ ಕೆಡದಂತೆ ಇಡುವ ವಿಧಾನ ಕಂಡುಕೊಂಡ. ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿ ಇಡುತ್ತಿದ್ದ. 1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ವಿಧಾನವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು ಎಂಬುದು ಷರತ್ತು. ಹೀಗೆ ಮಾಡಿದರೆ ಆಹಾರ ಯಾಕೆ ಕೆಡುವುದಿಲ್ಲ ಎಂದು ಅಪೆರ್‌ಗೆ ಗೊತ್ತಿರಲಿಲ್ಲ. ಕಾರಣ ತಿಳಿದದ್ದು ದಶಕಗಳ ನಂತರ, ಲೂಯಿ ಪಾಶ್ಚರ್ ಅವರ ಸಂಶೋಧನೆಯಿಂದ. ಅದೇ 1810ರಲ್ಲಿ ಇಂಗ್ಲೆಂಡಿನ ಪೀಟರ್ ಡುರಾಂಡ್ ಇಂಥದೇ ವಿಧಾನಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಗಾಜು, ಪಿಂಗಾಣಿ, ತಗಡು ಹೀಗೆ ಹಲವು ಬಗೆಯ ಪಾತ್ರೆಗಳ ಹೆಸರಿತ್ತು. ಬ್ರಯಾನ್ ಡಾಂಕಿನ್ ಮತ್ತು ಜಾನ್ ಹಾಲ್ 1813ರಲ್ಲಿ ತಗಡಿನ ಡಬ್ಬಿಗಳಲ್ಲಿ ಆಹಾರ ತುಂಬಿ ಬ್ರಿಟಿಷ್ ನೌಕಾಪಡೆಗೆ ಕೊಟ್ಟರು. ಆಗಿನ ಡಬ್ಬಿಗಳ ತಗಡು ದಪ್ಪ. ಉಳಿ, ಸುತ್ತಿಗೆ ಹಿಡಿದು ಒಡೆಯಬೇಕಿತ್ತು. ಡಬ್ಬಿ ತೆರೆಯುವ ಉಪಕರಣಕ್ಕೆ ಪೇಟೆಂಟ್‌ಗಳು ಬಂದದ್ದು 1850ರ ದಶಕದಲ್ಲಿ."

ಮೊದಲ ಹೇಳಿಕೆ: ಹಣ ಬೇಕಾದರೆ ಅಪೆರ್ ತನ್ನ ವಿಧಾನವನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಾಗಿರಲಿಲ್ಲ. "ಗುಟ್ಟು" ಎಂಬ ಪದ ಪ್ಯಾಸೇಜ್‌ನಲ್ಲಿ ಎಲ್ಲೂ ಇಲ್ಲ. ಆದರೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವುದು ಷರತ್ತು ಎಂದರೆ ಗುಟ್ಟು ಬಿಟ್ಟುಕೊಡಲೇಬೇಕು. ಟ್ರೂ. ಪದ ಸಿಗಲಿಲ್ಲ ಎಂದು ನಾಟ್ ಗಿವನ್ ಬರೆಯುವವರಿಗೆ ಇದು ಬಲೆ. ನಿಮಗೆ ಟ್ರೂ ಸಿಗುತ್ತದೆ, ಆದ್ದರಿಂದ ಮುಂದೆ ಹೋಗೋಣ.

ಎರಡನೆಯದು: ತನ್ನ ವಿಧಾನ ಯಾಕೆ ಕೆಲಸ ಮಾಡುತ್ತದೆ ಎಂಬುದನ್ನು ಅಪೆರ್ ವಿವರಿಸಬಲ್ಲವನಾಗಿದ್ದ. ಪ್ಯಾಸೇಜ್ ಗೊತ್ತಿರಲಿಲ್ಲ ಎನ್ನುತ್ತದೆ. ಗೊತ್ತಿಲ್ಲದವನು ವಿವರಿಸಲಾರ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ, ಫಾಲ್ಸ್. ಇಂಥ ನೇರವಾದ ಫಾಲ್ಸ್‌ನಲ್ಲಿ ಯಾರೂ ಎಡವುವುದಿಲ್ಲ.

ಮೂರನೆಯದು ಸ್ವಲ್ಪ ಬೇರೆ: ಆಹಾರ ಕೆಡದಿರುವ ಕಾರಣ ಪತ್ತೆಯಾದದ್ದು ಅಪೆರ್ ಸತ್ತ ಮೇಲೆ. ಇಲ್ಲಿ ಜಾಸ್ತಿ ಓದಿಕೊಂಡವರೇ ಬೀಳುತ್ತಾರೆ. ವಾಸ್ತವದಲ್ಲಿ ಇದು ನಿಜ. ಅಪೆರ್ ತೀರಿಕೊಂಡದ್ದು 1841ರಲ್ಲಿ, ಪಾಶ್ಚರ್ ಅವರ ಆ ಕೆಲಸ 1860ರ ದಶಕದ್ದು. ಆದರೆ ಅಪೆರ್ ಯಾವಾಗ ಸತ್ತ ಎಂದು ಪ್ಯಾಸೇಜ್ ಹೇಳಿದೆಯಾ? ಇಲ್ಲ. "ದಶಕಗಳ ನಂತರ" ಎಂದಷ್ಟೇ ಇದೆ. 1810ರಲ್ಲಿ ಅವನು ತರುಣನಾಗಿದ್ದು, ದಶಕಗಳ ನಂತರವೂ ಬದುಕಿದ್ದ ಎಂದು ಊಹಿಸಿಕೊಂಡರೂ ಪ್ಯಾಸೇಜ್‌ನ ಯಾವ ವಾಕ್ಯಕ್ಕೂ ಏಟು ಬೀಳುವುದಿಲ್ಲ. ಆದ್ದರಿಂದ ನಾಟ್ ಗಿವನ್. ಲೋಕದಲ್ಲಿ ನಿಜವಾದ ಮಾತು ಪರೀಕ್ಷೆಯಲ್ಲಿ ನಾಟ್ ಗಿವನ್ ಆಗಬಹುದು, ಲೋಕದಲ್ಲಿ ತಪ್ಪಾದ ಮಾತು ಪ್ಯಾಸೇಜ್ ಹಾಗೆ ಹೇಳಿದ್ದರೆ ಟ್ರೂ ಆಗಬಹುದು. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಪ್ಯಾಸೇಜ್ ಬಂದರೆ ಖುಷಿಪಡುವ ಬದಲು ಸ್ವಲ್ಪ ಹುಷಾರಾಗಿರಿ.

ಈಗ ಡುರಾಂಡ್ ಬಗ್ಗೆ ಎರಡು ಹೇಳಿಕೆ. ಇವನ್ನು ಒಟ್ಟಿಗೆ ಇಟ್ಟು ನೋಡಿ, ನಿಮ್ಮ ಗೊಂದಲ ಇರುವುದು ಸರಿಯಾಗಿ ಇಲ್ಲೇ. ಒಂದು: ಡುರಾಂಡ್‌ನ ಪೇಟೆಂಟ್ ತಗಡಿನ ಪಾತ್ರೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಇನ್ನೊಂದು: ಡುರಾಂಡ್ ತಾನೇ ತಗಡಿನ ಡಬ್ಬಿಗಳಲ್ಲಿ ಆಹಾರ ತುಂಬಿ ಮಾರಿದ.

ಮೊದಲನೆಯದರಲ್ಲಿ "ಮಾತ್ರ" ಇದೆ, ಇಂಗ್ಲಿಷ್‌ನಲ್ಲಿ "ಓನ್ಲಿ" ಎಂದಿರುತ್ತದೆ. ಪ್ಯಾಸೇಜ್‌ನಲ್ಲಿ ಗಾಜು, ಪಿಂಗಾಣಿ ಎರಡರ ಹೆಸರೂ ಇದೆ. ಗಾಜು ಪಟ್ಟಿಯಲ್ಲಿದೆ ಎಂದ ಮೇಲೆ ತಗಡು ಮಾತ್ರ ಎನ್ನುವುದು ನಿಲ್ಲುವುದಿಲ್ಲ. ಫಾಲ್ಸ್.

ಎರಡನೆಯದಕ್ಕೆ ನನ್ನ ಬಳಿ ಬರುವವರಲ್ಲಿ ಬಹಳಷ್ಟು ಜನ ಫಾಲ್ಸ್ ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ತಯಾರಿರುತ್ತದೆ: "ಡಬ್ಬಿಯಲ್ಲಿ ತುಂಬಿ ಕೊಟ್ಟದ್ದು ಡಾಂಕಿನ್ ಮತ್ತು ಹಾಲ್ ಅಂತ ಬರೆದಿದೆಯಲ್ಲ." ಬರೆದಿದೆ, ನಿಜ. ಆದರೆ ಡಾಂಕಿನ್ ಮತ್ತು ಹಾಲ್ ಮಾಡಿದರು ಎಂದ ಮಾತ್ರಕ್ಕೆ ಡುರಾಂಡ್ ಮಾಡಲಿಲ್ಲ ಎಂದಾಯಿತಾ? 1811ರಲ್ಲಿ ಡುರಾಂಡ್ ನಾಲ್ಕು ಡಬ್ಬಿ ಮಾಡಿ ಮಾರಿದ್ದ ಎಂದು ಸುಮ್ನೆ ಊಹಿಸಿಕೊಳ್ಳಿ. ಪ್ಯಾಸೇಜ್‌ನಲ್ಲಿ ಯಾವ ವಾಕ್ಯ ಸುಳ್ಳಾಗುತ್ತದೆ? ಒಂದೂ ಇಲ್ಲ. ಅವನು ಏನನ್ನೂ ಮಾಡದೆ ಪೇಟೆಂಟ್ ಮಾತ್ರ ಇಟ್ಟುಕೊಂಡಿದ್ದ ಎಂದು ಊಹಿಸಿಕೊಳ್ಳಿ. ಆಗಲೂ ಯಾವ ವಾಕ್ಯವೂ ಸುಳ್ಳಾಗುವುದಿಲ್ಲ. ಎರಡು ಕಡೆಗೂ ಬಾಗಿಲು ತೆರೆದಿದೆ ಎಂದರೆ ಪ್ಯಾಸೇಜ್ ಈ ವಿಷಯದಲ್ಲಿ ಮೌನವಾಗಿದೆ. ನಾಟ್ ಗಿವನ್.

ಪ್ರಶ್ನೆ ಬರೆಯುವವರು ನಾಟ್ ಗಿವನ್ ತಯಾರಿಸುವುದು ಹೆಚ್ಚಾಗಿ ಹೀಗೆಯೇ. ಪ್ಯಾಸೇಜ್‌ನಲ್ಲಿ ಸುಳಿವೇ ಇಲ್ಲದ ವಿಷಯ ಕೇಳಿದರೆ ಯಾರೂ ಮೋಸ ಹೋಗುವುದಿಲ್ಲ. ಅದಕ್ಕೆ ಪ್ಯಾಸೇಜ್‌ನ ಹೆಸರು, ವಸ್ತು, ವರ್ಷ ಎಲ್ಲವನ್ನೂ ಹಾಗೇ ಉಳಿಸಿಕೊಂಡು, ಅವುಗಳ ನಡುವಿನ ಸಂಬಂಧವನ್ನು ಮಾತ್ರ ಹೊಸದಾಗಿ ಸೇರಿಸುತ್ತಾರೆ. ಡುರಾಂಡ್ ಇದ್ದಾನೆ, ತಗಡಿನ ಡಬ್ಬಿ ಇದೆ, ಆಹಾರ ಇದೆ. "ತಾನೇ ಮಾರಿದ" ಎಂಬ ಕೊಂಡಿ ಮಾತ್ರ ಇಲ್ಲ. ಕಣ್ಣು ಪರಿಚಿತ ಪದಗಳನ್ನು ನೋಡಿ "ಜಾಗ ಸಿಕ್ಕಿತು" ಎನ್ನುತ್ತದೆ, ಮನಸ್ಸು "ಇಲ್ಲಿ ಹಾಗೆ ಬರೆದಿಲ್ಲ" ಎನ್ನುತ್ತದೆ, ಕೈ ಫಾಲ್ಸ್ ಬರೆದುಬಿಡುತ್ತದೆ. ಈ ಸರಪಳಿ ತುಂಡಾಗಬೇಕಾದ ಜಾಗ "ಹಾಗೆ ಬರೆದಿಲ್ಲ" ಎಂಬಲ್ಲಿ. ಹಾಗೆ ಬರೆದಿಲ್ಲ, ಸರಿ. ಹಾಗಾದರೆ ಹೇಗೆ ಬರೆದಿದೆ?

ಅಲ್ಲಿಂದಲೇ ಒಂದು ಕಟ್ಟುನಿಟ್ಟಿನ ಅಭ್ಯಾಸ ಬೆಳೆಸಿಕೊಳ್ಳಿ. ಫಾಲ್ಸ್ ಬರೆಯುವ ಮುಂಚೆ ಹೇಳಿಕೆಯನ್ನು ತಿದ್ದಿ. ತಿದ್ದಲು ಬೇಕಾದ ಮಾತು ಪ್ಯಾಸೇಜ್‌ನಿಂದಲೇ ಬರಬೇಕು. "ತಗಡಿಗೆ ಮಾತ್ರ ಅಲ್ಲ, ಗಾಜಿಗೂ ಪಿಂಗಾಣಿಗೂ" ಎಂದು ತಿದ್ದಲು ಆಗುತ್ತದೆ, ಏಕೆಂದರೆ ಆ ಪದಗಳು ಅಲ್ಲಿವೆ. ಡುರಾಂಡ್ ಮಾರಿದನೇ ಎಂಬುದನ್ನು ತಿದ್ದಲು ಹೋದರೆ "ಮಾರಲಿಲ್ಲ" ಎಂದು ನೀವೇ ಸೇರಿಸಬೇಕಾಗುತ್ತದೆ, ಅದನ್ನು ಹೇಳುವ ವಾಕ್ಯ ಪ್ಯಾಸೇಜ್‌ನಲ್ಲಿ ಇಲ್ಲ. ತಿದ್ದುಪಡಿಯ ಮೇಲೆ ಬೆರಳಿಟ್ಟು ತೋರಿಸಲು ಆದರೆ ಫಾಲ್ಸ್, ಆಗದಿದ್ದರೆ ಬರೆಯಬೇಡಿ. ನಿಮ್ಮ ಹಾಗೆ ಫಾಲ್ಸ್ ಕಡೆಗೆ ವಾಲುವವರಿಗೆ ಈ ಒಂದು ಅಭ್ಯಾಸದಿಂದ ಆಗುವಷ್ಟು ಉಪಯೋಗ ಬೇರೆ ಯಾವ ಉಪಾಯದಿಂದಲೂ ಆಗಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ಹೇಳಿಕೆ: ನೌಕಾಪಡೆಯವರಿಗೆ ಉಪ್ಪು ಹಾಕಿದ ಮಾಂಸಕ್ಕಿಂತ ಡಬ್ಬಿಯ ಆಹಾರ ಹೆಚ್ಚು ಇಷ್ಟವಾಯಿತು. ಎರಡನ್ನು ಹೋಲಿಸುವ ಮಾತು ಹೇಳಿಕೆಯಲ್ಲಿ ಬಂದ ಕೂಡಲೇ ಒಂದೇ ಒಂದು ವಿಷಯ ಹುಡುಕಿ: ಪ್ಯಾಸೇಜ್ ಆ ಎರಡನ್ನು ಹೋಲಿಸಿದೆಯಾ? ಇಲ್ಲಿ ಉಪ್ಪಿನ ಮಾಂಸದ ಸುದ್ದಿಯೇ ಇಲ್ಲ, ಸುಲಭ. ಕಷ್ಟವಾಗುವುದು ಎರಡೂ ಇದ್ದಾಗ. ಉಪ್ಪಿನ ಮಾಂಸ ನಾವಿಕರಿಗೆ ಬೇಸರ ತರಿಸಿತ್ತು ಎಂದು ಒಂದು ಕಡೆ, ಡಬ್ಬಿಯ ಆಹಾರವನ್ನು ಅವರು ಸ್ವಾಗತಿಸಿದರು ಎಂದು ಇನ್ನೊಂದು ಕಡೆ ಬರೆದಿದ್ದರೆ? ಆಗ ಪಕ್ಕಪಕ್ಕದಲ್ಲಿ ಹೋಲಿಸದಿದ್ದರೂ ಎರಡನ್ನೂ ಸೇರಿಸಿದರೆ ಹೇಳಿಕೆ ಹೊರಬರುತ್ತದೆ, ಟ್ರೂ ಕಡೆಗೆ ಹೋಗಬಹುದು. ಆದರೆ ಉಪ್ಪಿನ ಮಾಂಸ ಅಗ್ಗವಾಗಿತ್ತು, ಡಬ್ಬಿಯ ಆಹಾರ ಹೆಚ್ಚು ದಿನ ಬಾಳುತ್ತಿತ್ತು ಎಂದಷ್ಟೇ ಇದ್ದರೆ ಬೆಲೆಯ ಮಾತು ಒಂದು, ಬಾಳಿಕೆಯ ಮಾತು ಒಂದು. ಇಷ್ಟದ ಮಾತು ಎಲ್ಲೂ ಇಲ್ಲ. ಎರಡು ವಸ್ತುಗಳು ಸಿಕ್ಕವು ಎಂದು ತೃಪ್ತಿಪಡಬೇಡಿ. ಯಾವ ಅಳತೆಯಲ್ಲಿ ಹೋಲಿಸಿದ್ದಾರೋ ಆ ಅಳತೆ ಸಿಗಬೇಕು.

ಕೊನೆಯದು: ತೆರೆಯಲೆಂದೇ ಮಾಡಿದ ಉಪಕರಣಕ್ಕೆ ಪೇಟೆಂಟ್ ಸಿಗುವ ಎಷ್ಟೋ ಮೊದಲೇ ಡಬ್ಬಿಯ ಆಹಾರ ಬಳಕೆಗೆ ಬಂದಿತ್ತು. ಈ ವಾಕ್ಯ ಪ್ಯಾಸೇಜ್‌ನಲ್ಲಿ ಒಂದೇ ಕಡೆ ಇಲ್ಲ. 1813 ಒಂದು ವಾಕ್ಯದಲ್ಲಿದೆ, 1850ರ ದಶಕ ಮತ್ತೊಂದರಲ್ಲಿ. ಎರಡನ್ನೂ ಒಪ್ಪಿಕೊಂಡವರು ಈ ಹೇಳಿಕೆಯನ್ನು ಒಪ್ಪದೇ ಇರಲು ಆಗುವುದಿಲ್ಲ. ಟ್ರೂ. ಇದನ್ನು ಬೇಕೆಂದೇ ಸೇರಿಸಿದೆ. ಮೇಲಿನ ಪಾಠ ಕೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗಿ, ಅಕ್ಷರಶಃ ಬರೆದಿರದ ಎಲ್ಲವನ್ನೂ ನಾಟ್ ಗಿವನ್ ಮಾಡಿಬಿಡುತ್ತಾರೆ. ಕೂಡಿಸಿ ಕಳೆದು ಬರುವ ತೀರ್ಮಾನ ಬೇರೆ, ನಮ್ಮ ತಲೆಯಿಂದ ಬರುವ ಊಹೆ ಬೇರೆ. ಮೊದಲನೆಯದಕ್ಕೆ ಬೇಕಾದ ಎಲ್ಲ ಸಾಮಾನೂ ಪ್ಯಾಸೇಜ್‌ನಲ್ಲೇ ಇರುತ್ತದೆ.

ಪ್ರಮಾಣ ಹೇಳುವ ಪದಗಳ ಬಗ್ಗೆ ಒಂದು ಮಾತು. ಇಲ್ಲಿ ಒಟ್ಟಿಗೆ ನಿಜವಾಗಬಹುದೇ ಎಂಬ ಪರೀಕ್ಷೆಯನ್ನು ತೀರಾ ಕಟುವಾಗಿ ಬಳಸಿದರೆ ಅದೇ ಕೈಕೊಡುತ್ತದೆ. ಪ್ಯಾಸೇಜ್‌ನಲ್ಲಿ "ಸಮ್", ಅಂದರೆ ಕೆಲವರು ಎಂದಿದೆ, ಹೇಳಿಕೆಯಲ್ಲಿ "ಮೋಸ್ಟ್", ಅಂದರೆ ಹೆಚ್ಚಿನವರು ಎಂದಿದೆ. ಕೆಲವರು ಎಷ್ಟು ಜನ ಎಂದು ಗೊತ್ತಿಲ್ಲ, ಬೇರೆ ಸುಳಿವೂ ಇಲ್ಲದಿದ್ದರೆ ಇದು ನಾಟ್ ಗಿವನ್. ಆದರೆ ಪ್ಯಾಸೇಜ್‌ನಲ್ಲಿ "ಮೋಸ್ಟ್" ಇದ್ದು ಹೇಳಿಕೆಯಲ್ಲಿ "ಆಲ್" ಇದ್ದರೆ? ಶುದ್ಧ ತರ್ಕದ ಪ್ರಕಾರ ಹೆಚ್ಚಿನವರು ಎಂಬ ಮಾತು ಎಲ್ಲರೂ ಎಂಬುದನ್ನು ತಳ್ಳಿಹಾಕುವುದಿಲ್ಲ ಎಂದು ವಾದ ಮಾಡಬಹುದು. ಪರೀಕ್ಷೆಯಲ್ಲಿ ಆ ವಾದ ಬೇಡ. ಹೆಚ್ಚಿನವರು ಎಂದು ಬರೆದವರು ಎಲ್ಲರೂ ಅಲ್ಲ ಎಂದೇ ಹೇಳುತ್ತಿದ್ದಾರೆ ಎಂದು ಸಾಮಾನ್ಯ ಓದುಗ ತಿಳಿಯುತ್ತಾನೆ. ಹಾಗಾಗಿ ಇದನ್ನು ಸಾಮಾನ್ಯವಾಗಿ ಫಾಲ್ಸ್ ಎಂದೇ ತೆಗೆದುಕೊಳ್ಳಬೇಕು. ಪ್ರಶ್ನೆ ಬರೆಯುವವರು ಗಮನದಲ್ಲಿ ಇಟ್ಟುಕೊಳ್ಳುವುದು ಹುಷಾರಾಗಿ ಓದುವ ಸಾಮಾನ್ಯ ಓದುಗನನ್ನು, ಕೋರ್ಟಿನಲ್ಲಿ ವಾದ ಮಾಡುವ ವಕೀಲನನ್ನಲ್ಲ. ಉತ್ತರ ನೋಡಿದ ಮೇಲೂ ಒಪ್ಪಲು ಮನಸ್ಸು ಬರದ ಕಡೆ ಒಮ್ಮೆ ಇದನ್ನು ಪರೀಕ್ಷಿಸಿಕೊಳ್ಳಿ: ನೀವು ಆಗ ಓದುಗರಾಗಿದ್ದಿರೋ, ವಕೀಲರಾಗಿದ್ದಿರೋ?

ಇನ್ನು ಟೈಮ್. 60 ನಿಮಿಷ, 40 ಪ್ರಶ್ನೆ, ಮೂರು ಪ್ಯಾಸೇಜ್. ಓದುವ ಸಮಯವೂ ಸೇರಿ ಒಂದು ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷ. ಪೇಪರ್‌ನಲ್ಲಿ ಬರೆಯುವುದಾದರೂ ರೀಡಿಂಗ್‌ನಲ್ಲಿ ಉತ್ತರಗಳನ್ನು ಶೀಟ್‌ಗೆ ಇಳಿಸಲು ಬೇರೆ ಸಮಯ ಕೊಡುವುದಿಲ್ಲ. ಹೀಗಿರುವಾಗ ಇಲ್ಲದ ವಸ್ತುವನ್ನು ಹುಡುಕುತ್ತಾ ಇಡೀ ಪ್ಯಾಸೇಜ್ ಸುತ್ತುವುದು ದುಬಾರಿ. ಅದರ ಅಗತ್ಯವೂ ಇಲ್ಲ, ಏಕೆಂದರೆ ಈ ಬಗೆಯ ಪ್ರಶ್ನೆಗಳು ಪ್ಯಾಸೇಜ್‌ನಲ್ಲಿ ಮಾಹಿತಿ ಬರುವ ಕ್ರಮದಲ್ಲೇ ಬರುತ್ತವೆ. ಎರಡನೆಯ ಹೇಳಿಕೆಗೆ ಸಂಬಂಧಿಸಿದ ಮಾತು ಮೊದಲನೆಯದರ ನಂತರ, ಮೂರನೆಯದರ ಮುಂಚೆ ಇರುತ್ತದೆ.

ಇದನ್ನು ಹೀಗೆ ಬಳಸಿ. ಎಲ್ಲ ಹೇಳಿಕೆಗಳನ್ನು ಮೊದಲು ಒಂದು ಸಲ ಓದಿ. ಹೆಸರು, ವರ್ಷ, ಸ್ಥಳ ಇರುವವು ಸುಲಭವಾಗಿ ಜಾಗ ತೋರಿಸುತ್ತವೆ. ಅವನ್ನು ಪ್ಯಾಸೇಜ್‌ನಲ್ಲಿ ಗುರುತು ಮಾಡಿ. ಕಂಪ್ಯೂಟರ್‌ನಲ್ಲಿ ಬರೆಯುತ್ತಿದ್ದರೆ ಹೈಲೈಟ್ ಮಾಡುವ ಸೌಲಭ್ಯ ಇರುತ್ತದೆ, ಬಳಸಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ನೌಕಾಪಡೆಯವರ ಇಷ್ಟದ ಹೇಳಿಕೆ ಕೈಗೆ ಸಿಗುತ್ತಿಲ್ಲ ಎಂದುಕೊಳ್ಳಿ. ಅದರ ಹಿಂದಿನ ಹೇಳಿಕೆ ಡುರಾಂಡ್ ಬಗ್ಗೆ, ಮುಂದಿನದು ಡಬ್ಬಿ ತೆರೆಯುವ ಉಪಕರಣದ ಬಗ್ಗೆ. ಎರಡರ ಜಾಗವೂ ಗೊತ್ತಿದೆ. ನಡುವೆ ಉಳಿಯುವುದು ಡಾಂಕಿನ್, ಹಾಲ್ ಇರುವ ವಾಕ್ಯ ಮತ್ತು ಅದರ ಆಸುಪಾಸು. ಅಷ್ಟನ್ನು ಮಾತ್ರ ನಿಧಾನವಾಗಿ ಎರಡು ಸಲ ಓದಿ. ಇಷ್ಟ, ರುಚಿ, ಉಪ್ಪಿನ ಮಾಂಸ ಯಾವುದೂ ಇಲ್ಲದಿದ್ದರೆ ನಾಟ್ ಗಿವನ್ ಬರೆದು ಮುಂದಕ್ಕೆ ಹೋಗಿ. ಬೇರೆ ಪ್ಯಾರಾದಲ್ಲಿ ಇದ್ದರೆ ಎಂಬ ಭಯ ಬೇಡ.

ಎಚ್ಚರ ಬೇಕಾದ್ದು ಒಂದು ಕಡೆ. ಪಕ್ಕದ ಎರಡು ಹೇಳಿಕೆಗಳಲ್ಲಿ ಒಂದರ ಜಾಗವನ್ನೇ ತಪ್ಪಾಗಿ ಗುರುತಿಸಿದ್ದರೆ ನಿಮ್ಮ ಬೇಲಿಯೂ ತಪ್ಪಾಗಿರುತ್ತದೆ. ಗೊತ್ತಾಗುವುದು ಹೇಗೆ? ಸಾಲಾಗಿ ಮೂರು ನಾಲ್ಕು ನಾಟ್ ಗಿವನ್ ಬರುತ್ತಿದೆ ಎಂದರೆ, ಅಥವಾ ಎರಡು ಹೇಳಿಕೆಗಳ ನಡುವೆ ಪ್ಯಾಸೇಜ್‌ನ ದೊಡ್ಡ ಭಾಗ ಖಾಲಿ ಬಿದ್ದು ಮುಂದಿನ ನಾಲ್ಕು ಹೇಳಿಕೆ ಒಂದೇ ಪ್ಯಾರಾದಲ್ಲಿ ತುಂಬಿಕೊಂಡಿವೆ ಎಂದರೆ, ಯಾವುದೋ ಗುರುತು ಜಾರಿದೆ ಎಂದು ಅನುಮಾನಪಡಿ. ಹಾಗೇ ಇರಲೂಬಹುದು, ಆದರೆ ಒಮ್ಮೆ ನೋಡಿಕೊಳ್ಳಲು ಅದು ಸಾಕಷ್ಟು ಕಾರಣ.

ಎರಡು ನಿಮಿಷ ದಾಟಿದರೂ ತೀರ್ಮಾನ ಆಗದಿದ್ದರೆ ಏನಾದರೂ ಒಂದನ್ನು ಬರೆದುಬಿಡಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಖಾಲಿ ಬಿಟ್ಟರೆ ಸಿಗುವುದೂ ಇಲ್ಲ. ಯಾವುದನ್ನು ಬರೆಯುವುದು? ತಿದ್ದುಪಡಿಯ ಪದ ಸಿಕ್ಕಿಲ್ಲ ಎಂಬ ಕಾರಣಕ್ಕೇ ತೂಗಾಡುತ್ತಿದ್ದರೆ ನಾಟ್ ಗಿವನ್ ಬರೆಯಿರಿ. ಈವರೆಗೆ ಎಷ್ಟು ಟ್ರೂ, ಎಷ್ಟು ಫಾಲ್ಸ್ ಬಂತು ಎಂದು ಎಣಿಸಿ, ಇದು ಇಂಥದ್ದೇ ಇರಬೇಕು ಎಂದು ಲೆಕ್ಕ ಹಾಕುವವರು ಇದ್ದಾರೆ. ಅದು ಜೂಜು, ನನಗಂತೂ ಒಪ್ಪಿಗೆ ಇಲ್ಲ.

ಟ್ರೂ-ಫಾಲ್ಸ್ ಬದಲು ಯೆಸ್-ನೋ-ನಾಟ್ ಗಿವನ್ ಎಂದು ಬಂದರೆ ಕೇಳುತ್ತಿರುವುದು ಬರೆದವರ ಅಭಿಪ್ರಾಯ ಅಥವಾ ವಾದವನ್ನು. ಪರೀಕ್ಷಿಸುವ ಕ್ರಮ ಅದೇ. ಒಂದೇ ವ್ಯತ್ಯಾಸ, ಪ್ಯಾಸೇಜ್‌ನಲ್ಲಿ ಬೇರೆ ಯಾರದೋ ಅಭಿಪ್ರಾಯವನ್ನು ಲೇಖಕರು ಉಲ್ಲೇಖಿಸಿದ್ದರೆ ಅದು ಲೇಖಕರದ್ದು ಎಂದು ಹಿಡಿಯಬಾರದು. ಪೇಪರ್‌ನಲ್ಲಿ ಬರೆಯುವಾಗ ಯೆಸ್ ಕೇಳಿದ ಕಡೆ ಟ್ರೂ ಬರೆಯಬೇಡಿ. ಸೂಚನೆಯಲ್ಲಿ ಯಾವ ಪದ ಇದೆಯೋ ಅದನ್ನೇ ಬರೆಯಿರಿ.

ಅಭ್ಯಾಸ ಹೇಗೆ ಮಾಡಬೇಕು ಎಂಬುದು ಉಳಿಯಿತು. ಮಾಕ್ ಟೆಸ್ಟ್ ಮೇಲೆ ಮಾಕ್ ಟೆಸ್ಟ್ ಬರೆದು ಅಂಕ ಎಣಿಸುವುದನ್ನು ಕೆಲವು ದಿನ ನಿಲ್ಲಿಸಿ. ಹಳೆಯ ಟೆಸ್ಟ್‌ಗಳಲ್ಲಿ ತಪ್ಪಾದ ಹೇಳಿಕೆಗಳನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಂದರ ಪಕ್ಕ ನೀವು ಏನು ಬರೆದಿರಿ, ಸರಿ ಉತ್ತರ ಏನು ಎಂದು ಜೋಡಿಯಾಗಿ ಬರೆಯಿರಿ. ಫಾಲ್ಸ್ ಬರೆದಿದ್ದೆ, ನಾಟ್ ಗಿವನ್ ಆಗಿತ್ತು ಎಂಬ ಜೋಡಿಯೇ ಜಾಸ್ತಿ ಇದ್ದರೆ ಮೇಲೆ ಹೇಳಿದ ತಿದ್ದುವ ಅಭ್ಯಾಸ ನಿಮಗೆ ಸರಿಯಾದ ಮದ್ದು. ತಿರುಗುಮುರುಗಾಗಿದ್ದರೆ, ಅಂದರೆ ಫಾಲ್ಸ್ ಆಗಬೇಕಾದಲ್ಲಿ ನಾಟ್ ಗಿವನ್ ಬರೆಯುತ್ತಿದ್ದರೆ, ನೀವು ಜಾಗವನ್ನೇ ಹಿಡಿಯುತ್ತಿಲ್ಲ ಅಥವಾ ಬೇರೆ ಪದಗಳಲ್ಲಿ ಹೇಳಿದ ಅದೇ ಮಾತನ್ನು ಗುರುತಿಸುತ್ತಿಲ್ಲ ಎಂದರ್ಥ. ಅದಕ್ಕೆ ಮದ್ದು ಬೇರೆ, ಮುಖ್ಯವಾಗಿ ಪದಸಂಪತ್ತು. ನಿಮ್ಮ ಪತ್ರ ನೋಡಿದರೆ ಮೊದಲನೆಯ ಗುಂಪು ಎನಿಸುತ್ತದೆ, ಆದರೆ ಪಟ್ಟಿ ಮಾಡಿ ಖಚಿತಪಡಿಸಿಕೊಳ್ಳಿ.

ಆಮೇಲೆ ಇನ್ನೊಂದು ಕೆಲಸ, ಸ್ವಲ್ಪ ಶ್ರಮದ್ದು, ಆದರೆ ಇದನ್ನು ಮಾಡಿದವರು ಬೇಗ ಹಿಡಿತ ಪಡೆಯುತ್ತಾರೆ. ಒಂದು ಪ್ಯಾರಾ ತೆಗೆದುಕೊಂಡು ನೀವೇ ಪ್ರಶ್ನೆ ಬರೆಯಿರಿ. ಒಂದೇ ವಾಕ್ಯದಿಂದ ಒಂದು ಟ್ರೂ, ಒಂದು ಫಾಲ್ಸ್, ಒಂದು ನಾಟ್ ಗಿವನ್. ಡುರಾಂಡ್‌ನ ವಾಕ್ಯದಿಂದ ಫಾಲ್ಸ್ ಮತ್ತು ನಾಟ್ ಗಿವನ್ ಎರಡನ್ನೂ ನಾವು ಮೇಲೆ ಮಾಡಿದೆವಲ್ಲ, ಹಾಗೆ. ಅದರ ಟ್ರೂ ನಿಮಗೆ ಬಿಟ್ಟಿದ್ದೇನೆ, "ಪೇಟೆಂಟ್" ಎಂಬ ಪದ ಬಳಸದೆ ಬರೆದು ನೋಡಿ. ನಾಟ್ ಗಿವನ್ ಬರೆಯುವುದೇ ಮೂರರಲ್ಲಿ ಕಷ್ಟ. ಮೊದಲಿಗೆ ನೀವು ಬರೆದ ಹೆಚ್ಚಿನವು ಒಂದೋ ಫಾಲ್ಸ್ ಆಗಿಬಿಡುತ್ತವೆ, ಇಲ್ಲವೇ ಪ್ಯಾಸೇಜ್‌ಗೆ ಸಂಬಂಧವೇ ಇಲ್ಲದ ಮಾತಾಗಿ ಯಾರೂ ಮೋಸ ಹೋಗದಂತಿರುತ್ತವೆ. ಜೊತೆಯಲ್ಲಿ ಓದುವವರು ಇದ್ದರೆ ಬರೆದಿದ್ದನ್ನು ಅವರಿಗೆ ಕೊಡಿ. ನೀವು ನಾಟ್ ಗಿವನ್ ಎಂದುಕೊಂಡಿದ್ದಕ್ಕೆ ಅವರು ಫಾಲ್ಸ್ ಎಂದರೆ, ಉತ್ತರ ಹೇಳುವ ಮುಂಚೆ ತಿದ್ದುಪಡಿಯ ಪದ ಎಲ್ಲಿದೆ ತೋರಿಸು ಎಂದು ಕೇಳಿ. ಅವರು ತೋರಿಸಿಬಿಟ್ಟರೆ ಹೇಳಿಕೆಯನ್ನು ನೀವು ಮತ್ತೆ ಬರೆಯಬೇಕು.